ಮೇಷ ಲಗ್ನ, ಕಟಕದಲ್ಲಿ ಕುಜ: ಆರೂಢ ಯಾವುದು?

"ಮೇಷ ಲಗ್ನ, ಕುಜ ಕಟಕದಲ್ಲಿ. ನನ್ನ ಲೆಕ್ಕಕ್ಕೆ ಆರೂಢ ತುಲಾ, ಸಾಫ್ಟ್‌ವೇರ್ ಕಟಕ ಅನ್ನುತ್ತೆ. ತೀರ್ಥಹಳ್ಳಿಯಲ್ಲಿ ಎಲ್ಲರೂ ನನ್ನನ್ನು ತೋಟದ ಸಾಹುಕಾರ ಅಂತಾರೆ, ಇರೋದು ಸಾಲ."

ಆರೂಢ ಅಂದರೆ ಜನರ ಕಣ್ಣಿಗೆ ನೀವು ಕಾಣೋ ರೂಪ. ಅದರ ಲೆಕ್ಕದಲ್ಲಿ ನೀವು ವಿನಾಯಿತಿ ನಿಯಮ ಬಿಟ್ಟಿರಬೇಕು. ಲಗ್ನಾಧಿಪತಿ ಕುಜ ಲಗ್ನದಿಂದ ನಾಲ್ಕನೇ ಮನೆಯಲ್ಲಿದ್ದಾನೆ. ಕಟಕವನ್ನೇ ಒಂದು ಅಂತ ಹಿಡಿದು ಮತ್ತೆ ನಾಲ್ಕು ಎಣಿಸಿದರೆ ತುಲಾ ಬರುತ್ತೆ, ಅಲ್ವಾ? ಅದು ಲಗ್ನಕ್ಕೆ ಏಳನೇ ಮನೆ. ಆರೂಢ ಲಗ್ನದಲ್ಲಿ ಅಥವಾ ಏಳರಲ್ಲಿ ಬಿದ್ದರೆ ಅಲ್ಲಿಂದ ಹತ್ತನೇ ಮನೆ ಹಿಡಿಯಬೇಕು. ತುಲಾದಿಂದ ಹತ್ತನೆಯದು ಕಟಕ. ಈ ನಿಯಮ ಒಪ್ಪದವರೂ ಇದ್ದಾರೆ. ನಾನು ಕಟಕವನ್ನೇ ಹಿಡಿಯುತ್ತೇನೆ.

ನಾಲ್ಕನೇ ಮನೆ ಅಂದರೆ ಮನೆ, ಜಮೀನು. ಜನರಿಗೆ ಕಾಣೋದು ನಿಮ್ಮ ಅಡಿಕೆ ತೋಟ. ಆದರೆ ನಿಮ್ಮನ್ನು ತೋರಿಸೋ ಲಗ್ನಾಧಿಪತಿ ಕುಜ ಅಲ್ಲೇ ನೀಚ. ಹೆಸರಿನಷ್ಟು ಬಲ ಒಳಗಿಲ್ಲ ಅಂತ ಓದಬಹುದು. ಸಾಲವನ್ನು ಇಷ್ಟರಿಂದಲೇ ಹೇಳಲಾಗದು. ಅದಕ್ಕೆ ಆರನೇ ಮನೆ ಕನ್ಯಾ, ಅದರ ಅಧಿಪತಿ ಬುಧ ಎಲ್ಲಿದ್ದಾನೆ ನೋಡಿ.