ರಾಜನನ್ನು ತ್ರಿಕೋನದಲ್ಲಿ ಸುತ್ತಿಸಿ ಒಂದು ನಡೆ ಕಳೆಯುವುದು

ಪ್ರಶ್ನೆ: ಪಾನ್ ಎಂಡ್‌ಗೇಮ್‌ನಲ್ಲಿ ಅಪೊಸಿಷನ್ ಸಿಗಬೇಕಾದ ಕಡೆಯೆಲ್ಲ ನಡೆ ನನ್ನದೇ ಆಗಿರುತ್ತದೆ. ಟ್ರಯಾಂಗ್ಯುಲೇಷನ್‌ನಿಂದ ಇದು ಸರಿಹೋಗುತ್ತದಂತೆ, ಹೇಗೆ?

ದಯವಿಟ್ಟು ಈ ಸ್ಥಿತಿಯನ್ನು ಹಲಗೆಯ ಮೇಲೆ ಜೋಡಿಸಿಕೊಳ್ಳಿ. ಬಿಳಿಯ ರಾಜ d5ರಲ್ಲಿ, ಪಾನ್‌ಗಳು a5 ಮತ್ತು c6ರಲ್ಲಿ. ಕಪ್ಪಿನ ರಾಜ c8ರಲ್ಲಿ, ಪಾನ್ a6ರಲ್ಲಿ. ನಡೆ ಬಿಳಿಯದು.

ನೇರವಾಗಿ ನುಗ್ಗಿದರೆ ಗೆಲುವಿಲ್ಲ. ರಾಜ c5ಕ್ಕೆ ಹೋದರೆ ಕಪ್ಪು ರಾಜ c7ಕ್ಕೆ ಬಂದು ಅಪೊಸಿಷನ್ ಹಿಡಿಯುತ್ತಾನೆ. d6ಕ್ಕೆ ಹೋದರೆ ಅವನು d8ಕ್ಕೆ ಬರುತ್ತಾನೆ. ಆಮೇಲೆ c7+ ಆಡಿದರೆ Kc8, ಪಾನ್ ಉಳಿಸಲು Kc6 ಆಡಿದೊಡನೆ ಸ್ಟೇಲ್‌ಮೇಟ್. ಈ ಕೊನೆಯ ತಪ್ಪನ್ನು ನಾನೇ ಒಂದು ಪಂದ್ಯದಲ್ಲಿ ಮಾಡಿ ಅರ್ಧ ಅಂಕ ಕಳೆದುಕೊಂಡಿದ್ದರಿಂದ ಈ ಸ್ಥಿತಿಯನ್ನು ಮರೆತಿಲ್ಲ.

ಆದರೆ ಇದೇ ಸ್ಥಿತಿಯಲ್ಲಿ ನಡೆ ಕಪ್ಪಿನದಾಗಿದ್ದರೆ ಕಪ್ಪು ಸೋಲುತ್ತದೆ. ರಾಜ d8 ಅಥವಾ b8ಕ್ಕೆ ಸರಿದರೆ ನಾವು Kd6 ಆಡುತ್ತೇವೆ. ಅವನು c8ಕ್ಕೆ ಮರಳಿದಾಗ c7, Kb7, Kd7 ಆಗಿ ಪಾನ್ ರಾಣಿಯಾಗುತ್ತದೆ. ಅವನು c7ಕ್ಕೆ ಬಂದರೆ Kc5 ಆಡುತ್ತೇವೆ: ಈಗ ಅಪೊಸಿಷನ್ ನಮ್ಮದು, ಅವನು ಹಿಂದಕ್ಕೆ ಸರಿಯಲೇಬೇಕು, ಆಗ ನಮ್ಮ ರಾಜ b6ಕ್ಕೆ ನುಗ್ಗಿ a6 ಪಾನನ್ನು ತಿನ್ನುತ್ತಾನೆ. ಹಾಗಾಗಿ ನಮಗೆ ಬೇಕಾದದ್ದು ಹೊಸ ಸ್ಥಿತಿಯಲ್ಲ, ಇದೇ ಸ್ಥಿತಿ ಎದುರಾಳಿಯ ಸರದಿಯಲ್ಲಿ ಮರಳುವುದು.

```
1. Kd4 Kd8
2. Kc4 Kc8
3. Kd5
```

ನಮ್ಮ ರಾಜ d5, d4, c4 ಎಂಬ ಮೂರು ಮನೆಗಳ ತ್ರಿಕೋನವನ್ನು ಸುತ್ತಿ ಮೂರು ನಡೆಗಳಲ್ಲಿ ಹೊರಟಲ್ಲಿಗೇ ಬಂದ. ಕಪ್ಪಿನ ರಾಜ d8ಕ್ಕೆ ಹೋಗಿ ಎರಡೇ ನಡೆಗಳಲ್ಲಿ c8ಕ್ಕೆ ಮರಳಿದ್ದರಿಂದ ಮೂರನೆಯ ನಡೆ ಅವನ ಮೇಲೆ ಬಿತ್ತು.

ಕಪ್ಪಿಗೂ c8, d8, c7 ಎಂಬ ತ್ರಿಕೋನವಿದೆಯಲ್ಲ, ಅವನೂ ಅದನ್ನೇ ಮಾಡಬಾರದೇಕೆ ಎಂದು ನೀವು ಕೇಳಬಹುದು. ಇಡೀ ತಂತ್ರದ ತಿರುಳು ಇಲ್ಲಿಯೇ ಇದೆ. 2. Kc4 ಆದ ಮೇಲೆ ಅವನು c7ಕ್ಕೆ ಬಂದರೆ ನಾವು ತಕ್ಷಣ Kc5 ಆಡಿ ಅಪೊಸಿಷನ್ ಹಿಡಿಯುತ್ತೇವೆ. ನಾವು d4 ಮತ್ತು c4ರಲ್ಲಿ ಎಲ್ಲಿದ್ದರೂ c5, d5 ಎರಡೂ ಒಂದೇ ಹೆಜ್ಜೆಯ ದೂರದಲ್ಲಿವೆ. ಅವುಗಳಿಗೆ ಉತ್ತರವಾದ c7 ಮತ್ತು c8 ಎರಡನ್ನೂ ಒಂದೇ ಹೆಜ್ಜೆಯಲ್ಲಿ ತಲುಪಲು ಅವನು b8 ಅಥವಾ d8ರಲ್ಲಿ ಇರಬೇಕು, ಆದರೆ ಆ ಎರಡು ಮನೆಗಳು ಅಕ್ಕಪಕ್ಕದಲ್ಲಿಲ್ಲ. ನಾವು d4ರಿಂದ c4ಕ್ಕೆ ಸರಿದಾಗ ಅವನಿಗೆ ಒಂದರಿಂದ ಇನ್ನೊಂದಕ್ಕೆ ಹಾರಲಾಗದು. ಮೊದಲು c4, ಆಮೇಲೆ d4 ಎಂದು ಆಡಿದರೂ ಫಲ ಇದೇ.

ನಿಮ್ಮ ಆಟದಲ್ಲಿ ತ್ರಿಕೋನ ಸುತ್ತುವ ಮುನ್ನ ಎದುರಾಳಿಯ ಪಾನ್‌ಗಳನ್ನು ನೋಡಿ. ಇಲ್ಲಿ a6 ಪಾನ್ a5ರ ಎದುರು ಸಿಕ್ಕಿಕೊಂಡಿದೆ. ಅವನ ಬಳಿ ಮುಂದೆ ತಳ್ಳಬಹುದಾದ ಒಂದೇ ಒಂದು ಪಾನ್ ಇದ್ದರೂ, ನೀವು ಮೂರು ನಡೆಗಳಲ್ಲಿ ಕಳೆದ ಟೆಂಪೋವನ್ನು ಅವನು ಆ ಒಂದು ತಳ್ಳಿನಿಂದ ನಿಮಗೆ ಹಿಂದಿರುಗಿಸುತ್ತಾನೆ.