ಮಾರ್ಚ್ ಕೊನೆಯ ಲಾರಿ ಯಾವ ವರ್ಷದ ಲೆಕ್ಕಕ್ಕೆ?

ಪ್ರಶ್ನೆ: ಖರೀದಿ, ಮಾರಾಟ ಸರಿಯಾದ ವರ್ಷದ ಲೆಕ್ಕಕ್ಕೇ ಸೇರಿದೆಯೇ ಎಂದು ನೋಡುವ ವರ್ಷಾಂತ್ಯದ ಕಟ್-ಆಫ್ ಪರೀಕ್ಷೆ ಮಾಡುವುದು ಹೇಗೆ? ಯಾವ ತಪ್ಪುಗಳು ಸಿಗುತ್ತವೆ?

ದಾವಣಗೆರೆಯ ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಮಾರ್ಚ್ 30ರಂದು 2,20,000 ರೂಪಾಯಿಯ ಮಾಲು ಇಳಿಯಿತು ಎಂದುಕೊಳ್ಳಿ. 31ರ ದಾಸ್ತಾನು ಎಣಿಕೆಯಲ್ಲಿ ಅದು ಸೇರಿತು. ಬಿಲ್ ಬಂದದ್ದು, ಖರೀದಿ ಪುಸ್ತಕಕ್ಕೆ ಏರಿದ್ದು ಏಪ್ರಿಲ್ 4ಕ್ಕೆ. ಮಾಲು ಈ ವರ್ಷದ್ದು, ಖರ್ಚು ಮುಂದಿನ ವರ್ಷದ್ದು! ಲಾಭ ಅಷ್ಟೂ ಮೊತ್ತದಷ್ಟು ಉಬ್ಬುತ್ತದೆ, ಕೊಡಬೇಕಾದ ಬಾಕಿ ಅಷ್ಟೇ ಕಡಿಮೆ ಕಾಣುತ್ತದೆ.

ಇದನ್ನು ಹಿಡಿಯಲು ಖರೀದಿ ಪುಸ್ತಕದಿಂದ ದಯವಿಟ್ಟು ಹೊರಡಬೇಡಿ. ಬಿಟ್ಟುಹೋದ ನಮೂದು ಮಾರ್ಚ್‌ನ ಪುಟದಲ್ಲಿ ಕಾಣುವುದಿಲ್ಲ. ಗೇಟ್ ರಿಜಿಸ್ಟರ್ ಮತ್ತು ತೂಕದ ಚೀಟಿ ಹಿಡಿದು, ಮಾರ್ಚ್ ಕೊನೆಯ ವಾರದ ಒಂದೊಂದು ಲಾರಿಯ ಬಿಲ್ ಎಲ್ಲಿ ಏರಿದೆ ಎಂದು ಹುಡುಕಿ.

ಮಾರಾಟದಲ್ಲಿ ಸಾಮಾನ್ಯವಾಗಿ ಬಿಲ್‌ನಿಂದಲೇ ಹೊರಡಬೇಕು. ಬಿಲ್ ಮಾರ್ಚ್ 31ರದ್ದು, ಲಾರಿ ಗೇಟು ದಾಟಿದ್ದು ಏಪ್ರಿಲ್ 2ಕ್ಕೆ ಎಂದಾದರೆ, ಕರಾರು ಬೇರೆ ಹೇಳದ ಹೊರತು, ಆ ಮಾರಾಟ ಮುಂದಿನ ವರ್ಷದ್ದು.