ಊದುವ ಟೆಸ್ಟಿನಲ್ಲಿ FVC ಕಡಿಮೆ ಬಂದರೆ ಶ್ವಾಸಕೋಶ ಕುಗ್ಗಿದೆ ಅಂತಲೇ?

ಮಡಿಕೇರಿಯಲ್ಲಿ ಅಪ್ಪನಿಗೆ ಸ್ಪೈರೋಮೆಟ್ರಿ ಮಾಡಿಸಿದೆವು. ಒಟ್ಟು ಊದಿದ ಗಾಳಿ ಅಂದರೆ FVC 2.4 ಲೀಟರ್, ಅದರಲ್ಲಿ ಮೊದಲ ಸೆಕೆಂಡಿನಲ್ಲಿ ಊದಿದ್ದು ಅಂದರೆ FEV1 1.2 ಲೀಟರ್. FVC ಇರಬೇಕಾದ್ದು 3.5 ಅಂತೆ. ಶ್ವಾಸಕೋಶ ಕುಗ್ಗಿದೆಯಾ?

ಉತ್ತರ: ಅಷ್ಟರಿಂದಲೇ ಹಾಗೆ ಹೇಳಲಾಗದು. ಮೊದಲು ಭಾಗಿಸಿ ನೋಡಿ: 1.2 ÷ 2.4 = 50%. ಅಂದರೆ ಮೊದಲ ಸೆಕೆಂಡಿನಲ್ಲಿ ಅರ್ಧ ಗಾಳಿ ಮಾತ್ರ ಹೊರಬಂದಿದೆ. 70%ಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಉಸಿರಿನ ಕೊಳವೆಗಳಲ್ಲಿ ಅಡಚಣೆ ಇದೆ ಎಂದರ್ಥ. ಗಾಳಿ ಒಳಗೇ ಸಿಕ್ಕಿಕೊಳ್ಳುವುದರಿಂದ FVC ಕೂಡ ಇಳಿದಿರಬಹುದು.

ಅದೇ 2.4ಕ್ಕೆ FEV1 2.1 ಇದ್ದಿದ್ದರೆ 88% ಆಗುತ್ತಿತ್ತು. ಆಗ ಕುಗ್ಗಿರುವ ಅನುಮಾನ ಜಾಸ್ತಿ. ಆದರೂ ಅನುಮಾನವಷ್ಟೇ. ಊದಿದ ಮೇಲೂ ಒಳಗೆ ಉಳಿಯುವ ಗಾಳಿ ಈ ಯಂತ್ರಕ್ಕೆ ಕಾಣದು, ಅದಕ್ಕೆ ಶ್ವಾಸಕೋಶ ಹಿಡಿಯುವ ಒಟ್ಟು ಗಾಳಿ ಅಂದರೆ TLC ಅಳೆಯಬೇಕು. ಅರ್ಧಕ್ಕೇ ಊದುವುದು ನಿಲ್ಲಿಸಿದರೂ ಸುಮ್ನೆ FVC ಕಡಿಮೆ ಬರುತ್ತದೆ. ಪೂರ್ತಿ ಊದಿದ್ದಾರಾ ಎಂದು ತಿಳಿಯಲು, ಸಮಯಕ್ಕೆ ತಕ್ಕಂತೆ ಗಾಳಿಯ ಪ್ರಮಾಣ ತೋರಿಸುವ ಗ್ರಾಫಿನ ಗೆರೆ ಕೊನೆಯಲ್ಲಿ ಸಮತಟ್ಟಾಗಿದೆಯಾ ನೋಡಿ.